ಕ್ವಾರಂಟೈನ್ ಪಟ್ಟಿಯ ನಾಲ್ಕು ಸಾಲುಗಳು

ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡದಂಥ ಊರಿನಲ್ಲಿ ಆನ್‌ಲೈನ್ ಸೆಂಟರಿನ ಒಂದು ಕಂಪ್ಯೂಟರ್ ಎಂದರೆ ಹತ್ತಾರು ಮನೆಗಳ ಕಂಪ್ಯೂಟರ್. ಉತಾರ ತೆಗೆಸುವವರು, ತೊಗರಿಯ ಬೆಳೆವಿಮೆ ತುಂಬುವವರು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರು, ಮಗಳ ಪರೀಕ್ಷೆಯ ಹಾಲ್ ಟಿಕೆಟ್ ಪ್ರಿಂಟ್ ಹಾಕಿಸುವವರು ಎಲ್ಲರೂ ಅದರ ಮುಂದೆಯೇ ಕೂರುತ್ತಾರೆ. ತಮ್ಮ ಪೆನ್‌ಡ್ರೈವನ್ನು ಅದಕ್ಕೇ ಚುಚ್ಚುತ್ತಾರೆ. ಆ ಕಂಪ್ಯೂಟರಿನಲ್ಲಿ ಒಂದು ದಿನ ಆಂಟಿವೈರಸ್ ಕೆಂಪು ಗುರುತು ತೋರಿಸುತ್ತದೆ. ಸೆಂಟರಿನವರು ಪರದೆಯ ಚಿತ್ರ ತೆಗೆದು, ಕಂಪ್ಯೂಟರ್ ತಿಳಿದ ಗೆಳೆಯನಿಗೆ ವಾಟ್ಸಾಪ್‌ನಲ್ಲಿ ಕಳಿಸಿ, "ಇದೇನು, ವೈರಸ್ ಅದ ಏನ್?" ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನ ಉತ್ತರ ಸಾಮಾನ್ಯವಾಗಿ ಇರುವುದಿಲ್ಲ. ಆ ಚಿತ್ರದಲ್ಲಿರುವುದು ತೀರ್ಪಲ್ಲ, ಪಂಚನಾಮೆ. ಯಾವ ವಸ್ತು, ಎಲ್ಲಿ, ಯಾವ ಸ್ಥಿತಿಯಲ್ಲಿ ಸಿಕ್ಕಿತು, ಅದನ್ನು ಎಲ್ಲಿಡಲಾಯಿತು ಎಂಬುದನ್ನು ಅದು ಬರೆದುಕೊಂಡಿರುತ್ತದೆ. ಸಿಕ್ಕ ವಸ್ತುವಿಗೆ ಹಚ್ಚಿದ ಹೆಸರಿಗಿಂತ ಅದು ಸಿಕ್ಕ ಜಾಗವೇ ಹೆಚ್ಚು ಮಾತಾಡುತ್ತದೆ ಎಂಬುದು ಈ ಅಧ್ಯಾಯದ ವಾದ.

ಓದಲು ಒಂದು ಮಾದರಿ ಬೇಕು. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ತನ್ನ `Protection history` ಪುಟದಲ್ಲಿ ತೋರಿಸುವ ವಿವರಗಳನ್ನು ಒಟ್ಟುಗೂಡಿಸಿ, ಇಂಥ ಸೆಂಟರಿನ ಕಂಪ್ಯೂಟರಿನಲ್ಲಿ ಕಾಣಬಹುದಾದ ನಾಲ್ಕು ಸಾಲುಗಳನ್ನು ಇಲ್ಲಿ ಕಟ್ಟಿದ್ದೇನೆ. ಕಡತಗಳ ಹೆಸರು ಕಲ್ಪಿತ, ಹಣೆಪಟ್ಟಿಗಳು ಮೈಕ್ರೋಸಾಫ್ಟ್ ನಿಜವಾಗಿ ಬಳಸುವವು.

```
1 PUABundler:Win32/CandyOpen  Low     Quarantined
  file: C:\Users\Center\Downloads\pdf-setup.exe
2 HackTool:Win32/AutoKMS      High    Quarantined
  containerfile: D:\Soft\office.zip
  file: D:\Soft\office.zip->KMSAuto.exe
3 Worm:VBS/Jenxcus!lnk        Severe  Quarantined
  file: E:\bele-vime.lnk
4 Trojan:Win32/Wacatac.B!ml   Severe  Remediation incomplete
  file: C:\Users\Center\AppData\Roaming\svc\upd.exe
  taskscheduler: C:\Windows\System32\Tasks\upd
```

ಮೊದಲು ಹೆಸರಿನ ಕಟ್ಟಡ ನೋಡೋಣ. ಆಂಟಿವೈರಸ್ ಸಂಶೋಧಕರ ಕಾರೋ ಎಂಬ ಒಕ್ಕೂಟದವರು 1991ರಲ್ಲಿ ರೂಪಿಸಿದ ಹೆಸರಿಡುವ ಪದ್ಧತಿಯನ್ನು ಮೈಕ್ರೋಸಾಫ್ಟ್ ಇಂದಿಗೂ ಅನುಸರಿಸುತ್ತದೆ. ಎರಡು ಚುಕ್ಕೆಗಿಂತ ಮೊದಲು ಬರುವುದು ಬಗೆ: ಟ್ರೋಜನ್, ವರ್ಮ್, ಹ್ಯಾಕ್‌ಟೂಲ್, ಪಿಯುಎ. ಆಮೇಲೆ ಬರುವುದು ಅದು ಓಡುವ ನೆಲೆ: `Win32` ಎಂದರೆ ವಿಂಡೋಸ್ ಪ್ರೋಗ್ರಾಂ, `VBS` ಎಂದರೆ ವಿಷುವಲ್ ಬೇಸಿಕ್ ಸ್ಕ್ರಿಪ್ಟ್. ಓರೆಗೆರೆಯ ನಂತರ ಮನೆತನದ ಹೆಸರು, ಚುಕ್ಕೆಯ ನಂತರ ಅದೇ ಮನೆತನದ ಒಂದು ತಳಿ, ಆಶ್ಚರ್ಯಸೂಚಕದ ನಂತರ ಪತ್ತೆಯ ಬಗ್ಗೆ ಒಂದು ಟಿಪ್ಪಣಿ. ಬಗೆ ಮತ್ತು ಕೊನೆಯ ಟಿಪ್ಪಣಿ ಓದುಗನಿಗೆ ಕೆಲಸಕ್ಕೆ ಬರುತ್ತವೆ. ಮನೆತನದ ಹೆಸರು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಉಚಿತ ತಂತ್ರಾಂಶಗಳ ಇನ್‌ಸ್ಟಾಲರ್ ಒಳಗೆ ಸೇರಿಕೊಂಡು, ಬೇರೆ ಕಂಪನಿಗಳ ಪ್ರೋಗ್ರಾಂಗಳನ್ನು "ಇದೂ ಹಾಕಲೇ?" ಎಂದು ಮುಂದೆ ಮಾಡುತ್ತಿದ್ದ ಓಪನ್‌ಕ್ಯಾಂಡಿ ಎಂಬ ಜಾಹೀರಾತು ಘಟಕವನ್ನು ಮಾಲ್‌ವೇರ್‌ಬೈಟ್ಸ್ `PUP.Optional.OpenCandy` ಎಂದು ಕರೆದರೆ ಮೈಕ್ರೋಸಾಫ್ಟ್ `CandyOpen` ಎನ್ನುತ್ತದೆ. ವಸ್ತು ಒಂದೇ. ಎರಡು ಆಂಟಿವೈರಸ್ ಎರಡು ಹೆಸರು ಹೇಳಿದವೆಂದು ಎರಡು ವೈರಸ್ ಇವೆ ಎಂದುಕೊಳ್ಳಬೇಕಿಲ್ಲ.

ಮೊದಲ ಸಾಲಿನ ಪಿಯುಎ ಮತ್ತು ಮಾಲ್‌ವೇರ್‌ಬೈಟ್ಸ್ ವರದಿಗಳ ಪಿಯುಪಿ ಎರಡೂ ಒಂದೇ ಮಾತನ್ನು ಹೇಳುತ್ತವೆ: ಇದು ನಿಮಗೆ ಬೇಡವಾಗಿರಬಹುದಾದ ಪ್ರೋಗ್ರಾಂ. ವರ್ಮ್, ಟ್ರೋಜನ್ ಎಂಬ ಹಣೆಪಟ್ಟಿಗಳ ಸಾಲಿನಲ್ಲೇ ಇದೂ ಕೂತಿರುತ್ತದೆ, ಆದರೆ ಇದು ಬೇರೆ ಜಾತಿಯ ಹೇಳಿಕೆ. ವರ್ಮ್ ಎಂದರೆ ಒಂದು ವಾಸ್ತವದ ಹೇಳಿಕೆ. ಈ ಕಡತ ತನ್ನ ನಕಲನ್ನು ತಾನೇ ಹರಡುತ್ತದೆಯೋ ಇಲ್ಲವೋ ಎಂದು ಪ್ರಯೋಗಾಲಯದಲ್ಲಿ ಓಡಿಸಿ ನೋಡಬಹುದು, ಸುಳ್ಳಾದರೆ ಸುಳ್ಳೆಂದು ತೋರಿಸಬಹುದು. ಬೇಡವಾಗಿರಬಹುದು ಎಂಬುದು ಅಭಿಪ್ರಾಯ. ಯಾರಿಗೆ ಬೇಡ, ಯಾಕೆ ಬೇಡ ಎಂಬುದನ್ನು ಆಂಟಿವೈರಸ್ ಕಂಪನಿ ತನ್ನದೇ ಮಾನದಂಡದಿಂದ ತೀರ್ಮಾನಿಸುತ್ತದೆ. ಈ ಬಗೆಯ ಹೆಸರು ಹುಟ್ಟಿದ್ದೂ ಅದೇ ಕಾರಣಕ್ಕೆ. ತಮ್ಮ ಜಾಹೀರಾತು ತಂತ್ರಾಂಶವನ್ನು ಬೇಹುಗಾರ ತಂತ್ರಾಂಶ ಎಂದು ಕರೆದರೆ ಕಂಪನಿಗಳು ತಕರಾರು ತೆಗೆಯುತ್ತಿದ್ದವು. ಬಳಕೆದಾರ ಒಪ್ಪಿಗೆಯ ಗುಂಡಿ ಒತ್ತಿದ್ದಾನೆ, ಹಾಗಾಗಿ ಇದು ಕಳ್ಳತನವಲ್ಲ ಎಂದು ವಾದಿಸುತ್ತಿದ್ದವು. ಆ ತಕರಾರಿಗೆ ಸಿಗದ ಹಾಗೆ ಎಚ್ಚರಿಕೆ ಹೇಳಲು ಒಂದು ಮಧ್ಯದ ಗುಂಪು ಬೇಕಾಯಿತು.

ಈ ವ್ಯತ್ಯಾಸವನ್ನು ಅಮೆರಿಕದ ಒಂದು ನ್ಯಾಯಾಲಯವೇ ಎತ್ತಿ ತೋರಿಸಿದೆ. ಮಾಲ್‌ವೇರ್‌ಬೈಟ್ಸ್ ಕಂಪನಿ 2016ರಲ್ಲಿ ತನ್ನ ಪಿಯುಪಿ ಮಾನದಂಡಗಳನ್ನು ಬಿಗಿ ಮಾಡಿತು. ಆಗ ಎನಿಗ್ಮಾ ಸಾಫ್ಟ್‌ವೇರ್ ಎಂಬ ಪ್ರತಿಸ್ಪರ್ಧಿ ಕಂಪನಿಯ ಸ್ಪೈಹಂಟರ್ ಮತ್ತು ರೆಗ್‌ಹಂಟರ್ ಎಂಬ ಪ್ರೋಗ್ರಾಂಗಳೂ ಪಟ್ಟಿಗೆ ಬಂದವು, ಕ್ವಾರಂಟೈನ್ ಆದವು. ಎನಿಗ್ಮಾ ದಾವೆ ಹೂಡಿತು. ಪ್ರಕರಣ ವರ್ಷಗಟ್ಟಲೆ ಕೆಳಗಿನ ಕೋರ್ಟಿಗೂ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯಕ್ಕೂ ನಡುವೆ ಓಡಾಡಿತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ, ಪ್ರತಿಸ್ಪರ್ಧಿಯನ್ನು ಹೊಡೆಯುವ ಉದ್ದೇಶದಿಂದ ತಂತ್ರಾಂಶ ತಡೆದರೆ ಆಂಟಿವೈರಸ್ ಕಂಪನಿಗಳಿಗೆ ಕಾನೂನು ಕೊಟ್ಟ ವಿನಾಯಿತಿ ಸಿಗದು ಎಂದಿತು. 2023ರಲ್ಲಿ ಇನ್ನೂ ಸೂಕ್ಷ್ಮವಾದ ಮಾತು ಹೇಳಿತು. ಸುರಕ್ಷತಾ ಕ್ಷೇತ್ರದ ಕಂಪನಿಯೊಂದು ಇನ್ನೊಬ್ಬರ ತಂತ್ರಾಂಶವನ್ನು ದುರುದ್ದೇಶದ್ದು, ಅಪಾಯ ಎಂದು ಕರೆದರೆ ಅದು ಪರಿಶೀಲಿಸಬಹುದಾದ ವಾಸ್ತವದ ಹೇಳಿಕೆ, ಅದರ ಮೇಲೆ ದಾವೆ ನಡೆಯಬಹುದು. ಬೇಡವಾಗಿರಬಹುದಾದ ಪ್ರೋಗ್ರಾಂ ಎಂಬುದು ವ್ಯಕ್ತಿಗತ ಅಭಿಪ್ರಾಯ, ಅದರ ಮೇಲೆ ನಡೆಯದು. ನಿಮ್ಮ ಪರದೆಯ ಚಿತ್ರ ಓದುವಾಗಲೂ ಇದೇ ಗೆರೆ ಎಳೆದುಕೊಳ್ಳಿ: ಯಾವ ಸಾಲು ವಾಸ್ತವ ಹೇಳುತ್ತಿದೆ, ಯಾವ ಸಾಲು ಅಭಿಪ್ರಾಯ ಹೇಳುತ್ತಿದೆ?

ಇಲ್ಲೊಂದು ಆಕ್ಷೇಪ ಏಳುತ್ತದೆ. ಬರೀ ಅಭಿಪ್ರಾಯವಾದರೆ ಅದನ್ನು ಕಡೆಗಣಿಸಬಹುದಲ್ಲ? ಕಡೆಗಣಿಸಬಾರದು ಎನ್ನುವುದಕ್ಕೆ ಲೆನೊವೊ ಲ್ಯಾಪ್‌ಟಾಪ್‌ಗಳ ಪ್ರಕರಣ ಸಾಕು. 2014ರ ಕೊನೆಯ ತಿಂಗಳುಗಳಲ್ಲಿ ಮಾರಾಟವಾದ ಅನೇಕ ಮಾದರಿಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ಕಾರ್ಖಾನೆಯಲ್ಲೇ ಸೇರಿತ್ತು. ನೋಡುತ್ತಿರುವ ಪುಟದಲ್ಲಿ ಖರೀದಿಯ ಜಾಹೀರಾತು ತೂರಿಸುವುದು ಅದರ ಕೆಲಸ. ಬೀಗದ ಗುರುತಿರುವ ಸುರಕ್ಷಿತ ಪುಟಗಳೊಳಗೂ ಜಾಹೀರಾತು ತೂರಿಸಲೆಂದು ಅದು ತನ್ನದೇ ಒಂದು ಮೂಲ ಪ್ರಮಾಣಪತ್ರವನ್ನು ವಿಂಡೋಸ್‌ನಲ್ಲಿ ನೆಟ್ಟಿತ್ತು. ಎಲ್ಲ ಲ್ಯಾಪ್‌ಟಾಪ್‌ಗಳಿಗೂ ಒಂದೇ ಗುಪ್ತ ಕೀಲಿ. 2015ರ ಫೆಬ್ರುವರಿಯಲ್ಲಿ ಸುರಕ್ಷತಾ ಸಂಶೋಧಕ ರಾಬರ್ಟ್ ಗ್ರಹಾಂ ಆ ಕೀಲಿಯ ಪಾಸ್‌ವರ್ಡನ್ನು ಒಡೆದು ತೋರಿಸಿದರು. ಅಲ್ಲಿಂದ ಮುಂದೆ ಅದೇ ವೈಫೈಯಲ್ಲಿ ಕೂತ ಯಾರು ಬೇಕಾದರೂ ಆ ಲ್ಯಾಪ್‌ಟಾಪ್‌ಗೆ ನಕಲಿ ಬ್ಯಾಂಕ್ ಪುಟವನ್ನು ಅಸಲಿಯ ಹಾಗೆ ತೋರಿಸಬಹುದಿತ್ತು. ಜಾಹೀರಾತು ತಂತ್ರಾಂಶ ಎಂದು ಕರೆಸಿಕೊಂಡಿದ್ದನ್ನೇ ಮೈಕ್ರೋಸಾಫ್ಟ್ ಆಮೇಲೆ ಟ್ರೋಜನ್ ಪಟ್ಟಿಗೆ ಹಾಕಿ ತೆಗೆಸಿತು. ಹಣೆಪಟ್ಟಿ ಮೆತ್ತಗಿದೆ ಎಂದು ವಸ್ತು ಮೆತ್ತಗಿರುತ್ತದೆ ಎನ್ನಲಾಗದು. ಅಭಿಪ್ರಾಯವನ್ನು ಪರಿಶೀಲಿಸಬೇಕು, ತಳ್ಳಿಹಾಕಬಾರದು.

ಪರಿಶೀಲನೆ ಹೇಗೆ? ಇಲ್ಲಿಯೇ ಹೆಸರಿಗಿಂತ ಕೆಳಗಿನ ಸಾಲು ಮುಖ್ಯವಾಗುವುದು. ಡಿಫೆಂಡರ್ ಸಿಕ್ಕ ಜಾಗಕ್ಕೆ ಮುಂಚೆ ಒಂದು ಪದ ಹಾಕುತ್ತದೆ. `file` ಎಂದರೆ ಒಂದು ಕಡತ. `containerfile` ಎಂದರೆ ಜಿಪ್‌ನಂಥ ಕಟ್ಟು, ಅದರೊಳಗಿನ ಕಡತವನ್ನು ಬಾಣದ ಗುರುತಿನ ನಂತರ ಹೇಳಿರುತ್ತದೆ. `webfile` ಎಂದಿದ್ದರೆ ಇಳಿಸಿದ ಜಾಲತಾಣದ ವಿಳಾಸವೂ ಅದೇ ಸಾಲಿನಲ್ಲಿರುತ್ತದೆ. `regkey`, `runkey`, `service`, `taskscheduler` ಎಂದಿದ್ದರೆ ವಿಷಯ ಬೇರೆಯೇ. ಆ ಪ್ರೋಗ್ರಾಂ ಒಮ್ಮೆಯಾದರೂ ಓಡಿದೆ, ಓಡಿ ವಿಂಡೋಸ್‌ನಲ್ಲಿ ತನಗೊಂದು ಜಾಗ ಮಾಡಿಕೊಂಡಿದೆ ಎಂಬ ಕುರುಹು ಅದು. ಮಾರ್ಗವೂ ಹಾಗೆಯೇ. `Downloads` ಫೋಲ್ಡರ್‌ನಲ್ಲಿ ಸಿಕ್ಕರೆ ಬಾಗಿಲಿಗೆ ಬಂದಿದೆ, ಒಳಗೆ ಹೊಕ್ಕಿದೆ ಎನ್ನಲು ಆಧಾರ ಸಾಲದು. `AppData\Roaming` ಅಥವಾ `Temp` ಒಳಗೆ ಸಿಕ್ಕರೆ ಬೇರೊಂದು ಪ್ರೋಗ್ರಾಂ ಅದನ್ನು ಅಲ್ಲಿ ತಂದಿಟ್ಟಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಜನ ತಾವಾಗಿ ಆ ಫೋಲ್ಡರ್‌ಗಳಲ್ಲಿ ಏನನ್ನೂ ಇಡುವುದಿಲ್ಲ.

ಈ ಕಣ್ಣಿನಿಂದ ಮೊದಲ ಸಾಲನ್ನು ಓದಿದರೆ ವಿಷಯ ಸರಳ. ಪಿಡಿಎಫ್ ಒಗ್ಗೂಡಿಸಲು ಯಾರೋ ಇಳಿಸಿದ ಇನ್‌ಸ್ಟಾಲರ್, ಇಳಿಸಿದ ಜಾಗದಲ್ಲೇ ಸಿಕ್ಕಿದೆ, ಕಟ್ಟಿಹಾಕಲಾಗಿದೆ. ಅದನ್ನು ಓಡಿಸಿದ್ದರೆ ಅದರ ಗುರುತು ಬೇರೆ ಕಡೆ ಇರುತ್ತದೆ: ಬ್ರೌಸರ್‌ನ ಮುಖಪುಟ ಬದಲಾಗಿರುತ್ತದೆ, ಹಾಕಿಲ್ಲದ ವಿಸ್ತರಣೆ ಕಾಣುತ್ತದೆ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅದೇ ದಿನಾಂಕದ ಅಪರಿಚಿತ ಪ್ರೋಗ್ರಾಂ ಇರುತ್ತದೆ. ಅವುಗಳನ್ನು ನೋಡಿ ತೆಗೆದರೆ ಈ ಸಾಲಿನ ಕೆಲಸ ಮುಗಿಯಿತು. ಕೆಲವು ವರದಿಗಳಲ್ಲಿ ಇಂಥದೇ ಒಂದು ಟೂಲ್‌ಬಾರ್ ನೂರು "ಬೆದರಿಕೆ" ಎಂದು ಲೆಕ್ಕಕ್ಕೆ ಬರುತ್ತದೆ. ಅದು ಇಟ್ಟ ಪ್ರತಿ ಕಡತ, ಪ್ರತಿ ಫೋಲ್ಡರ್, ಪ್ರತಿ ರಿಜಿಸ್ಟ್ರಿ ನಮೂದನ್ನೂ ಬೇರೆಬೇರೆಯಾಗಿ ಎಣಿಸುವುದರಿಂದ ಹಾಗಾಗುತ್ತದೆ. ಆ ದೊಡ್ಡ ಸಂಖ್ಯೆ ಕಂಡು ಹೆದರಿ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿಸುವುದು ಅನಗತ್ಯ. ನಮ್ಮ ಮಾದರಿಯಲ್ಲಿ ಇರುವುದು ನಾಲ್ಕೇ ಸಾಲು, ಅಪಾಯ ಅದಕ್ಕಿಂತ ಹೆಚ್ಚು.

ಎರಡನೆಯ ಸಾಲು ನಮ್ಮ ಊರುಗಳಲ್ಲಿ ಅತಿ ಪರಿಚಿತವಾದದ್ದು. ಕಂಪ್ಯೂಟರ್ ಜೋಡಿಸಿ ಕೊಡುವಾಗಲೇ ಹಣ ಕೊಡದ ವಿಂಡೋಸ್, ಹಣ ಕೊಡದ ಆಫೀಸ್ ಹಾಕಿಕೊಡುವುದು ರೂಢಿ. ಅವಕ್ಕೆ ಪರವಾನಗಿ ಇದೆಯೆಂದು ನಂಬಿಸುವ ಸಾಧನವನ್ನು ಮೈಕ್ರೋಸಾಫ್ಟ್ `AutoKMS` ಎಂಬ ಹೆಸರಿನಲ್ಲಿ ಹಿಡಿಯುತ್ತದೆ. "ಮೈಕ್ರೋಸಾಫ್ಟ್ ತನ್ನ ವ್ಯಾಪಾರಕ್ಕಾಗಿ ಇದನ್ನು ವೈರಸ್ ಎನ್ನುತ್ತದೆ, ಇದರಿಂದ ತೊಂದರೆ ಏನಿಲ್ಲ" ಎಂಬುದು ಜೋಡಿಸಿಕೊಡುವವರ ಸಾಮಾನ್ಯ ಸಮಜಾಯಿಷಿ. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪಬೇಕು. ಹ್ಯಾಕ್‌ಟೂಲ್ ಎಂಬ ಬಗೆ ಟ್ರೋಜನ್ ಅಲ್ಲ, ಆ ಸಾಧನ ಹೇಳಿದ ಕೆಲಸವನ್ನಷ್ಟೇ ಮಾಡಿರಬಹುದು. ಉಳಿದರ್ಧ ಸತ್ಯ ಬೇರೆ ಇದೆ. ಈ ಸಾಧನಕ್ಕೆ ಅಧಿಕೃತ ಮೂಲವೆಂಬುದೇ ಇಲ್ಲ, ಆದ್ದರಿಂದ ಕೈಗೆ ಬಂದ ಪ್ರತಿ ಅನಾಮಿಕ ಕಟ್ಟಿನೊಳಗೆ ಇನ್ನೇನಿದೆ ಎಂದು ಹೇಳಲಾಗದು. ರೆಡ್ ಕ್ಯಾನರಿ ಎಂಬ ಸುರಕ್ಷತಾ ಸಂಸ್ಥೆ 2021ರ ಡಿಸೆಂಬರ್‌ನಲ್ಲಿ, ಕೆಎಂಎಸ್‌ಪಿಕೊ ಎಂಬ ಇಂಥದೇ ಸಾಧನದ ನಕಲಿ ಇನ್‌ಸ್ಟಾಲರ್‌ಗಳಲ್ಲಿ ಕ್ರಿಪ್ಟ್‌ಬಾಟ್ ಎಂಬ ಕಳ್ಳ ತಂತ್ರಾಂಶ ಬರುತ್ತಿರುವುದನ್ನು ವರದಿ ಮಾಡಿತು. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಕುಕಿಗಳನ್ನೂ ಅದು ಕದಿಯುತ್ತದೆ. ಇಂಥ ಸಾಧನವನ್ನು ಓಡಿಸುವ ಮುನ್ನ ಆಂಟಿವೈರಸ್ ಬಂದ್ ಮಾಡಿ, ಈ ಫೋಲ್ಡರನ್ನು ವಿನಾಯಿತಿ ಪಟ್ಟಿಗೆ ಸೇರಿಸಿ ಎಂಬ ಸೂಚನೆಯೂ ಅದರ ಜೊತೆಗೇ ಬರುತ್ತದೆ. ವಿನಾಯಿತಿ ಪಡೆದ ಫೋಲ್ಡರ್ ಒಳಗೆ ಏನಿದ್ದರೂ ಡಿಫೆಂಡರ್ ನೋಡುವುದಿಲ್ಲ, ವರದಿಯಲ್ಲಿ ಒಂದು ಸಾಲೂ ಬರುವುದಿಲ್ಲ. ಪರದೆಯ ಚಿತ್ರದಲ್ಲಿ ಕಾಣದ ಈ ಪಟ್ಟಿಯನ್ನು ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಕೇಳಬೇಕು:

```
Get-MpPreference | Select-Object -ExpandProperty ExclusionPath
```

ನೀವು ಸೇರಿಸದ ಮಾರ್ಗ ಇಲ್ಲಿ ಕಂಡರೆ, ಅದರಲ್ಲೂ `C:\` ಎಂಬ ಇಡೀ ಡ್ರೈವೇ ಕಂಡರೆ, ಅದನ್ನು ಪಟ್ಟಿಯಿಂದ ತೆಗೆದು ಮತ್ತೆ ಪೂರ್ತಿ ಸ್ಕ್ಯಾನ್ ಮಾಡಿದ ಮೇಲೆಯೇ ವರದಿಗೆ ಬೆಲೆ.

ಮೂರನೆಯ ಸಾಲಿನ ಜಾಗ `E:` ಡ್ರೈವ್, ಅಂದರೆ ಬಹುಮಟ್ಟಿಗೆ ಗಿರಾಕಿಯ ಪೆನ್‌ಡ್ರೈವ್. ಸಿಕ್ಕಿದ್ದು `.lnk`, ಅಂದರೆ ಶಾರ್ಟ್‌ಕಟ್. ಜೆಂಕ್ಸ್‌ಕಸ್ ಮನೆತನದ ಈ ಸ್ಕ್ರಿಪ್ಟ್ ವರ್ಮ್ ಪೆನ್‌ಡ್ರೈವ್‌ನ ಅಸಲಿ ಕಡತಗಳನ್ನು ಅಡಗಿಸಿ, ಅವುಗಳದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಅದನ್ನು ಒತ್ತಿದವನಿಗೆ ಅಸಲಿ ಕಡತವೂ ತೆರೆಯುತ್ತದೆ, ಹಿಂದೆ ವರ್ಮ್ ಕೂಡ ಓಡುತ್ತದೆ. ಇಲ್ಲಿ ಕ್ವಾರಂಟೈನ್ ಆಗಿರುವುದು ಶಾರ್ಟ್‌ಕಟ್ ಮಾತ್ರ. ಗಿರಾಕಿ ಬಂದು "ನನ್ನ ಫೈಲ್ ಅಳಿಸಿದಿರಿ" ಎಂದರೆ ಗಾಬರಿ ಬೇಡ, ಕಡತಗಳು ಸಾಮಾನ್ಯವಾಗಿ ಅಲ್ಲೇ ಅಡಗಿರುತ್ತವೆ. ಡ್ರೈವ್ ಅಕ್ಷರ ಸರಿಯಿದೆಯೇ ಎಂದು ನೋಡಿಕೊಂಡು ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಕೊಟ್ಟರೆ ಕಾಣಿಸಿಕೊಳ್ಳುತ್ತವೆ:

```
attrib -h -s -r /s /d E:\*.*
```

ಆದರೆ ಈ ಸಾಲು ಒಂದು ಪ್ರಶ್ನೆಯನ್ನು ಉತ್ತರಿಸದೆ ಬಿಡುತ್ತದೆ. ರೋಗ ಪೆನ್‌ಡ್ರೈವ್‌ನಿಂದ ಕಂಪ್ಯೂಟರಿಗೆ ಬಂದಿತೋ, ಕಂಪ್ಯೂಟರಿನಿಂದ ಪೆನ್‌ಡ್ರೈವ್‌ಗೆ ಹೋಯಿತೋ? ಇದನ್ನು ತಿಳಿಯಲು ಖಾಲಿ ಮಾಡಿದ ಒಂದು ಪೆನ್‌ಡ್ರೈವ್‌ನಲ್ಲಿ ಒಂದೆರಡು ಸಾಧಾರಣ ಕಡತ ಹಾಕಿ ಅದೇ ಕಂಪ್ಯೂಟರಿಗೆ ಚುಚ್ಚಿ, ಕೆಲವು ನಿಮಿಷ ಬಿಟ್ಟು ನೋಡಬೇಕು. ಕಡತಗಳ ಜಾಗದಲ್ಲಿ ಶಾರ್ಟ್‌ಕಟ್ ಹುಟ್ಟಿದ್ದರೆ ರೋಗ ಕಂಪ್ಯೂಟರಿನಲ್ಲೇ ಇದೆ. ಅಂಥ ಸೆಂಟರ್ ತನ್ನ ಎಲ್ಲ ಗಿರಾಕಿಗಳ ಮನೆಗೂ ಅದನ್ನು ಹಂಚುತ್ತಿರುತ್ತದೆ. ಒಂದು ಮನೆಯ ಕಂಪ್ಯೂಟರಿಗಿಂತ ಸೆಂಟರಿನ ಕಂಪ್ಯೂಟರ್ ಬೇರೆಯಾಗುವುದು ಇಲ್ಲಿಯೇ.

ನಾಲ್ಕನೆಯ ಸಾಲಿನಲ್ಲಿ ಹೆಸರು ದುರ್ಬಲ, ಜಾಗ ಬಲವಾದದ್ದು. ನಮ್ಮ ವಾದಕ್ಕೆ ಇದೇ ಗಟ್ಟಿ ಉದಾಹರಣೆ. `!ml` ಎಂಬ ಬಾಲದ ಅರ್ಥ, ಯಾವ ಮನುಷ್ಯ ವಿಶ್ಲೇಷಕನೂ ಈ ಕಡತವನ್ನು ಬಿಚ್ಚಿ ನೋಡಿ ಹೆಸರಿಟ್ಟಿಲ್ಲ, ಹಿಂದೆ ಕಂಡ ಕೆಟ್ಟ ಕಡತಗಳ ಲಕ್ಷಣಗಳಿಂದ ಕಲಿತ ಗಣಿತದ ಮಾದರಿಯೊಂದು ಇದು ಅವುಗಳಂತಿದೆ ಎಂದು ಅಂದಾಜಿಸಿದೆ. ಹೀಗೆ ಅಂದಾಜಿಸದೆ ಬೇರೆ ದಾರಿಯಿಲ್ಲ. ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ಹಾನಿಕಾರಕ ಮತ್ತು ಬೇಡವಾದ ಪ್ರೋಗ್ರಾಂಗಳೆರಡೂ ಸೇರಿ ದಿನಕ್ಕೆ 4,50,000ಕ್ಕೂ ಹೆಚ್ಚು ಹೊಸ ಮಾದರಿಗಳನ್ನು ದಾಖಲಿಸುತ್ತದೆ. ಅಷ್ಟನ್ನೂ ಕೈಯಿಂದ ಬಿಚ್ಚಿ ನೋಡಲು ಜನ ಸಾಲುವುದಿಲ್ಲ. ಆದರೆ ಅಂದಾಜು ತಪ್ಪುತ್ತದೆ, ಮುಖ್ಯವಾಗಿ ಕೆಲವೇ ಜನ ಬಳಸುವ, ಡಿಜಿಟಲ್ ಸಹಿಯಿಲ್ಲದ ಸಣ್ಣ ಪ್ರೋಗ್ರಾಂಗಳ ವಿಷಯದಲ್ಲಿ. ಕನ್ನಡದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕನ್ನಡ ಕೀಲಿಮಣೆಯ ತಂತ್ರಾಂಶ ಯಾವ ಕಿಟಕಿಯಲ್ಲಿ ಟೈಪ್ ಮಾಡಿದರೂ ಒತ್ತಿದ ಪ್ರತಿ ಕೀಲಿಯನ್ನು ನಡುವೆಯೇ ಹಿಡಿದು ಅಕ್ಷರ ಬದಲಿಸಬೇಕಾಗುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಪ್ರತಿ ಕೀಲಿಯನ್ನು ನಡುವೆಯೇ ಹಿಡಿಯುತ್ತದೆ. ಹೊರಗಿನ ನಡವಳಿಕೆ ಒಂದೇ, ಮುಂದೆ ಮಾಡುವ ಕೆಲಸ ಬೇರೆ. ಲೋಕದಲ್ಲಿ ಕೋಟಿಗಟ್ಟಲೆ ಪ್ರತಿಗಳಿರುವ ತಂತ್ರಾಂಶಕ್ಕೆ ಸಿಗುವ ಹೆಸರಿನ ರಕ್ಷಣೆ ಇಂಥ ಪ್ರಾದೇಶಿಕ ಸಾಧನಕ್ಕೆ ಸಿಗುವುದಿಲ್ಲ. ಆದ್ದರಿಂದ `!ml` ಬಾಲದ ಒಂದೇ ಸಾಲು, ಅದೂ ನೀವು ತಿಳಿದು ಹಾಕಿದ ಪ್ರೋಗ್ರಾಂನ ಫೋಲ್ಡರ್‌ನಲ್ಲಿ ಸಿಕ್ಕರೆ, ನಾನು ಅದನ್ನು ಅನುಮಾನ ಎಂದಷ್ಟೇ ಓದುತ್ತೇನೆ.

ನಮ್ಮ ನಾಲ್ಕನೆಯ ಸಾಲಿನಲ್ಲಿ ಆ ಅನುಮಾನಕ್ಕೆ ಬೆಂಬಲವಿದೆ. ಕಡತ `AppData\Roaming` ಒಳಗಿದೆ, ಯಾರೂ ಹಾಕಿದ ನೆನಪಿಲ್ಲದ `svc` ಎಂಬ ಫೋಲ್ಡರ್, ಅದನ್ನು ಮತ್ತೆಮತ್ತೆ ಎಬ್ಬಿಸಲು ಟಾಸ್ಕ್ ಶೆಡ್ಯೂಲರ್‌ನಲ್ಲಿ ಒಂದು ನಮೂದು, ಪಕ್ಕದಲ್ಲೇ ಅನಾಮಿಕ ಮೂಲದ ಹ್ಯಾಕ್‌ಟೂಲ್. ಒಂದೊಂದೂ ಬಿಡಿಯಾಗಿ ಸಣ್ಣ ಸಾಕ್ಷ್ಯ. ಒಟ್ಟು ಸೇರಿದಾಗ ಇದು ತಪ್ಪು ಅಂದಾಜು ಎನ್ನುವುದು ಕಷ್ಟ. ಎರಡನೆಯ ಸಾಲಿಗೂ ಇದಕ್ಕೂ ಸಂಬಂಧವಿದೆಯೇ ಎಂದು ತಿಳಿಯಲು ವರದಿಯ ಗಂಟೆಯನ್ನು ನಂಬಬೇಡಿ. ಅದು ಸಿಕ್ಕ ಗಂಟೆ, ಬಂದ ಗಂಟೆಯಲ್ಲ. `svc` ಫೋಲ್ಡರ್ ಹುಟ್ಟಿದ ದಿನಾಂಕವನ್ನು ಅದರ ಪ್ರಾಪರ್ಟೀಸ್‌ನಲ್ಲಿ ನೋಡಿ, ಆಫೀಸ್ ಹಾಕಿಸಿದ ದಿನದೊಂದಿಗೆ ಹೋಲಿಸಿ. ಎರಡೂ ಒಂದೇ ದಿನವಾದರೆ ದಾರಿ ಬಹುಮಟ್ಟಿಗೆ ಗೊತ್ತಾದಂತೆ. ಸ್ಥಿತಿಯ ಪದವನ್ನೂ ಬಿಡಬೇಡಿ. `Quarantined` ಎಂದರೆ ಕಡತವನ್ನು ಅದರ ಜಾಗದಿಂದ ಎತ್ತಿ, ಓಡಲಾಗದ ಹಾಗೆ ಗೂಢಲಿಪಿಯಲ್ಲಿ ಮಾರ್ಪಡಿಸಿ, ಡಿಫೆಂಡರ್‌ನ ಸ್ವಂತ ಫೋಲ್ಡರ್‌ನಲ್ಲಿ ಇಟ್ಟಿದೆ, ಬೇಕಿದ್ದರೆ ಮರಳಿಸಬಹುದು. `Remediation incomplete` ಎಂದರೆ ಆ ಕೆಲಸ ಅರ್ಧಕ್ಕೆ ನಿಂತಿದೆ, ಒಂದು ಭಾಗ ಇನ್ನೂ ಕಂಪ್ಯೂಟರಿನಲ್ಲಿ ಉಳಿದಿರಬಹುದು. ಇಡೀ ಚಿತ್ರದಲ್ಲಿ ತುರ್ತಾಗಿ ಓದಬೇಕಾದ ಎರಡು ಪದ ಇವೇ.

ಇಷ್ಟೆಲ್ಲ ಯೋಚಿಸುವ ಬದಲು ತೋರಿಸಿದ್ದನ್ನೆಲ್ಲ ಅಳಿಸಿಬಿಟ್ಟರೆ ಆಗದೇ ಎಂಬುದು ಎರಡನೆಯ ಆಕ್ಷೇಪ. ಕೆಲಸದ ಒತ್ತಡದಲ್ಲಿರುವವರ ದೃಷ್ಟಿಯಿಂದ ಇದು ನ್ಯಾಯವಾದ ಪ್ರಶ್ನೆ, ಮೊದಲ ಮೂರು ಸಾಲಿಗೆ ನನ್ನ ಉತ್ತರವೂ ಅಳಿಸಿ ಎಂದೇ. ಆದರೆ ಅದನ್ನು ನಿಯಮ ಮಾಡಿಕೊಂಡರೆ ಆಂಟಿವೈರಸ್ ತಪ್ಪಿದ ದಿನ ದೊಡ್ಡ ಪೆಟ್ಟು ಬೀಳುತ್ತದೆ. 2010ರ ಏಪ್ರಿಲ್ 21ರಂದು ಮೆಕಾಫೀ ಬಿಡುಗಡೆ ಮಾಡಿದ ಪತ್ತೆಪಟ್ಟಿಯೊಂದು, ವಿಂಡೋಸ್ ಎಕ್ಸ್‌ಪಿಯ `svchost.exe` ಎಂಬ ತೀರ ಅಗತ್ಯದ ಕಡತವನ್ನೇ ವೈರಸ್ ಎಂದು ಹಿಡಿಯಿತು. ಅನೇಕ ದೇಶಗಳಲ್ಲಿ ಕಂಪ್ಯೂಟರ್‌ಗಳು ಜಾಲಸಂಪರ್ಕ ಕಳೆದುಕೊಂಡು ಮತ್ತೆಮತ್ತೆ ರೀಬೂಟ್ ಆಗತೊಡಗಿದವು. ಕ್ವಾರಂಟೈನ್ ಎಂಬ ಏರ್ಪಾಟು ಇರುವುದು ಇಂಥ ದಿನಕ್ಕಾಗಿಯೇ. ಸಿಕ್ಕ ಜಾಗ `C:\Windows\System32` ಆಗಿದ್ದರೆ, ಅಥವಾ ಆಧಾರ್ ಬೆರಳಚ್ಚು ಯಂತ್ರದ ತಂತ್ರಾಂಶದ ಫೋಲ್ಡರ್ ಆಗಿದ್ದರೆ, ಅಳಿಸುವ ಗುಂಡಿ ಒತ್ತುವ ಮುನ್ನ ನಿಂತು ಪರೀಕ್ಷಿಸಿ.

ಪರೀಕ್ಷೆಗೆ ಹತ್ತಿರದ ದಾರಿ ವೈರಸ್‌ಟೋಟಲ್. ಸ್ಪೇನಿನಲ್ಲಿ 2004ರಲ್ಲಿ ಶುರುವಾಗಿ 2012ರಲ್ಲಿ ಗೂಗಲ್ ಕೊಂಡ ಈ ಸೇವೆ ಒಂದು ಕಡತವನ್ನು ಸುಮಾರು 70 ಆಂಟಿವೈರಸ್ ಎಂಜಿನ್‌ಗಳ ಮುಂದೆ ಇಡುತ್ತದೆ. ಕಡತವನ್ನೇ ಕಳಿಸಬೇಕಿಲ್ಲ. ಅದರ ಬೆರಳಚ್ಚಿನಂಥ ಹ್ಯಾಶ್ ಸಂಖ್ಯೆಯನ್ನು ತೆಗೆದು ಹುಡುಕಿದರೆ ಸಾಕು:

```
Get-FileHash D:\Soft\setup.exe
```

ಕ್ವಾರಂಟೈನ್ ಆದ ಕಡತಕ್ಕೆ ಇದು ನಡೆಯದು, ಅದರ ಅಸಲಿ ಇನ್‌ಸ್ಟಾಲರ್‌ನ ಇನ್ನೊಂದು ಪ್ರತಿ ನಿಮ್ಮಲ್ಲಿ ಇದ್ದರೆ ಮಾತ್ರ ನಡೆಯುತ್ತದೆ. ಉತ್ತರ ಓದುವಾಗಲೂ ಎಣಿಕೆಗಿಂತ ಒಮ್ಮತ ಮುಖ್ಯ. ಹತ್ತು-ಹದಿನೈದು ಹೆಸರಾಂತ ಎಂಜಿನ್‌ಗಳು ಒಂದೇ ಮನೆತನದ ಹೆಸರು ಹೇಳಿದರೆ ವಿಷಯ ಇತ್ಯರ್ಥವಾಯಿತು. ಎರಡು ಮೂರು ಎಂಜಿನ್ ಮಾತ್ರ, ಅವೂ ಬರೀ ಅಂದಾಜಿನ ಹೆಸರು ಹೇಳಿದ್ದರೆ, ಪ್ರೋಗ್ರಾಂ ಬಂದ ಅಧಿಕೃತ ತಾಣದಿಂದ ಹೊಸದಾಗಿ ಇಳಿಸಿ ಹೋಲಿಸಿ ನೋಡಬೇಕು. ಹುಡುಕಿದಾಗ ಏನೂ ಸಿಗದಿದ್ದರೆ ಕಡತ ಒಳ್ಳೆಯದೆಂದಲ್ಲ, ಆ ಸೇವೆ ಅದನ್ನು ಇನ್ನೂ ಕಂಡಿಲ್ಲ ಎಂದಷ್ಟೇ ಅರ್ಥ. ಗಿರಾಕಿಯ ದಾಖಲೆಯನ್ನು ಮಾತ್ರ ಅಲ್ಲಿಗೆ ಯಾವತ್ತೂ ಏರಿಸಬೇಡಿ. ಏರಿಸಿದ ಕಡತಗಳು ಸುರಕ್ಷತಾ ಕಂಪನಿಗಳಿಗೂ ಹಣ ಕೊಟ್ಟು ಚಂದಾದಾರರಾದವರಿಗೂ ಸಿಗುತ್ತವೆ.

ಕ್ವಾರಂಟೈನ್ ಆಯಿತಲ್ಲ, ಇನ್ನು ಚಿಂತೆ ಯಾಕೆ ಎಂಬುದು ಮೂರನೆಯ ಆಕ್ಷೇಪ. ಇದರಲ್ಲಿ ಅಪಾಯ ಹೆಚ್ಚು, ಏಕೆಂದರೆ ಇದು ಸಮಾಧಾನ ಕೊಡುತ್ತದೆ. ಕಟ್ಟಿಹಾಕಿದ್ದು ಕಡತವನ್ನು, ಅದು ಈಗಾಗಲೇ ಮಾಡಿದ ಕೆಲಸವನ್ನಲ್ಲ. ನಾಲ್ಕನೆಯ ಸಾಲಿನ ಪ್ರೋಗ್ರಾಂ ಒಂದು ವಾರ ಓಡಿದ್ದರೆ, ಬ್ರೌಸರ್‌ನಲ್ಲಿ ಉಳಿಸಿಟ್ಟ ಪೋರ್ಟಲ್‌ಗಳ ಪಾಸ್‌ವರ್ಡ್ ಆಗಲೇ ಹೊರಗೆ ಹೋಗಿರಬಹುದು. ಹಾಗಾಗಿ ಆ ಸಾಲಿಗೆ ಕ್ರಮ ಬೇರೆ. ಮೊದಲು ಕಂಪ್ಯೂಟರಿನ ಇಂಟರ್ನೆಟ್ ತೆಗೆಯಬೇಕು. ಬಳಿಕ ವಿಂಡೋಸ್ ಸೆಕ್ಯುರಿಟಿಯಲ್ಲಿರುವ ಆಫ್‌ಲೈನ್ ಸ್ಕ್ಯಾನ್ ನಡೆಸಬೇಕು, ಅದು ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವುದರಿಂದ ಓಡುತ್ತಿರುವ ಪ್ರೋಗ್ರಾಂ ಅಡ್ಡ ಬರಲಾರದು. ಪಾಸ್‌ವರ್ಡ್‌ಗಳನ್ನು ಬೇರೊಂದು ಶುದ್ಧ ಕಂಪ್ಯೂಟರ್ ಅಥವಾ ಫೋನಿನಿಂದ ಬದಲಿಸಬೇಕು, ಅದೇ ಕಂಪ್ಯೂಟರಿನಿಂದ ಬದಲಿಸಿದರೆ ಹೊಸದೂ ಹೋಗುತ್ತದೆ. ಜೊತೆಗೆ ಎಲ್ಲ ಸಾಧನಗಳಿಂದ ಲಾಗೌಟ್ ಮಾಡುವ ಆಯ್ಕೆಯನ್ನೂ ಒತ್ತಬೇಕು. ಕುಕಿ ಕದ್ದವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಎರಡನೆಯ ಬಾರಿ ಸ್ಕ್ಯಾನ್ ಮಾಡಿದಾಗ ಅದೇ ಸಾಲು ಅದೇ ಜಾಗದಲ್ಲಿ ಮತ್ತೆ ಬಂದರೆ, ಅದನ್ನು ತಂದಿಡುವ ಇನ್ನೊಂದು ಪ್ರೋಗ್ರಾಂ ಇನ್ನೂ ಸಿಕ್ಕಿಲ್ಲ. ಆಗ ದಾಖಲೆಗಳನ್ನು ಮಾತ್ರ ಉಳಿಸಿಕೊಂಡು ವಿಂಡೋಸ್ ಹೊಸದಾಗಿ ಹಾಕುವುದೇ ಸರಿ. ಕೇಂದ್ರ ಸರ್ಕಾರದ ಸರ್ಟ್-ಇನ್ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರ ಉಚಿತ ಶುದ್ಧೀಕರಣ ಸಾಧನಗಳನ್ನು ಕೊಡುತ್ತದೆ, ಡಿಫೆಂಡರ್ ಜೊತೆ ಎರಡನೆಯ ಅಭಿಪ್ರಾಯವಾಗಿ ಅವನ್ನೂ ಓಡಿಸಬಹುದು.

ಇನ್ನು ಗೆಳೆಯನಿಗೆ ಕಳಿಸುವ ಚಿತ್ರದ ಮಾತು. ಕೆಂಪು ಗುರುತು ಮತ್ತು ಹೆಸರಿರುವ ಮೇಲ್ಭಾಗವನ್ನಷ್ಟೇ ಹಿಡಿದ ಚಿತ್ರದಿಂದ ಯಾರೂ ಏನೂ ಹೇಳಲಾರರು. ಪ್ರತಿ ಸಾಲನ್ನು ಒತ್ತಿ ಅದರ ವಿವರ ತೆರೆದು, ಪೂರ್ತಿ ಮಾರ್ಗ, ಸ್ಥಿತಿ ಮತ್ತು ದಿನಾಂಕ ಮೂರೂ ಕಾಣುವ ಹಾಗೆ ಚಿತ್ರ ತೆಗೆಯಿರಿ. ಕಳಿಸುವ ಮುನ್ನ ಅದೇ ಮಾರ್ಗವನ್ನು ಒಮ್ಮೆ ನಿಧಾನವಾಗಿ ಓದಿ: ಇಳಿಸಿದ ಆಧಾರ್ ಅಥವಾ ಉತಾರದ ಕಡತದ ಹೆಸರಿನಲ್ಲಿ ಗಿರಾಕಿಯ ಹೆಸರು, ಸರ್ವೆ ನಂಬರ್, ಫೋನ್ ನಂಬರ್ ಇದ್ದರೆ ಅವನ್ನು ಅಳಿಸಿ ಕಳಿಸಿ.